ನೂರು ಜನ ಬಂದು ಇಬ್ಬರೇ ಕೊಂಡರೆ ನಷ್ಟವೇ? ಫನೆಲ್ ಚಾರ್ಟ್ ಓದುವ ಬಗೆ

ಮಲೆನಾಡಿನಲ್ಲಿ ಉಪ್ಪಿನಕಾಯಿ, ಹಪ್ಪಳ, ಜೇನುತುಪ್ಪ, ಜೋನಿಬೆಲ್ಲ ಮಾಡಿ ಮಾರುವ ಮನೆ ಉದ್ದಿಮೆಗಳು ಮತ್ತು ಸ್ವಸಹಾಯ ಸಂಘಗಳು ಒಂದೊಂದಾಗಿ ಸ್ವಂತ ವೆಬ್‌ಸೈಟ್ ಮಾಡಿಸಿಕೊಳ್ಳುತ್ತಿವೆ. ಊರಿನ ಹುಡುಗನೋ ಶಿವಮೊಗ್ಗದ ಯಾವುದೋ ಸಣ್ಣ ಕಂಪನಿಯೋ ವೆಬ್‌ಸೈಟ್ ಕಟ್ಟಿಕೊಡುತ್ತದೆ. ಅಲ್ಲಿಂದ ಮುಂದೆ ತಿಂಗಳಿಗೊಮ್ಮೆ ವಾಟ್ಸ್ಯಾಪ್‌ನಲ್ಲಿ ಒಂದು ಚಿತ್ರ ಬಂದು ಬೀಳುತ್ತದೆ: ಮೇಲೆ ಅಗಲ, ಕೆಳಗೆ ಸಪೂರ, ನಡುವೆ ಒಂದಿಷ್ಟು ಶೇಕಡಾ ಗುರುತುಗಳು. ಇದು ಫನೆಲ್ ಚಾರ್ಟ್. ಎಷ್ಟು ಜನ ವೆಬ್‌ಸೈಟ್‌ಗೆ ಬಂದರು, ಅವರಲ್ಲಿ ಎಷ್ಟು ಜನ ಹೆಸರು, ಫೋನ್ ನಂಬರ್ ಕೊಟ್ಟು ನೋಂದಾಯಿಸಿಕೊಂಡರು, ಕೊನೆಗೆ ಎಷ್ಟು ಜನ ದುಡ್ಡು ಕೊಟ್ಟು ಕೊಂಡರು ಎನ್ನುವುದನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುತ್ತದೆ.

ನೋಡಲು ಸುಲಭದ ಚಿತ್ರ. ಆದರೆ ಓದುವಾಗ ಎಡವುವುದೂ ಅಷ್ಟೇ ಸುಲಭ. ಎಲ್ಲಿ ಎಡವುತ್ತೇವೆ ಎಂದು ಒಂದೇ ಉದಾಹರಣೆಯನ್ನು ಹಿಡಿದುಕೊಂಡು ನೋಡೋಣ. ತೀರ್ಥಹಳ್ಳಿ ಕಡೆಯ ಒಂದು ಮಹಿಳಾ ಸಂಘ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾರುತ್ತಿದೆ ಎಂದಿಟ್ಟುಕೊಳ್ಳಿ. ಸಂಘವೂ ಅದರ ಅಂಕಿಗಳೂ ಲೆಕ್ಕ ಬಿಡಿಸಿ ತೋರಿಸಲು ನಾನು ಕಟ್ಟಿದ್ದು. ಲೆಕ್ಕದ ದಾರಿ ಮಾತ್ರ ಯಾವ ಅಂಗಡಿಗಾದರೂ ಅದೇ.

## ಚಾರ್ಟ್‌ನಲ್ಲಿ ಏನಿದೆ

ಮೇ ತಿಂಗಳ ಚಾರ್ಟ್ ಹೀಗಿತ್ತು: ಬಂದವರು 4,000, ನೋಂದಾಯಿಸಿಕೊಂಡವರು 400, ಕೊಂಡವರು 120. ಜೂನ್ ತಿಂಗಳದ್ದು ಹೀಗೆ: ಬಂದವರು 9,000, ನೋಂದಾಯಿಸಿಕೊಂಡವರು 630, ಕೊಂಡವರು 180.

ಈ ಅಂಕಿಗಳ ಪಕ್ಕದಲ್ಲಿ ಶೇಕಡಾ ಬರೆದಿರುತ್ತಾರಲ್ಲ, ಮೊದಲು ವಿಚಾರಿಸಬೇಕಾದ್ದು ಅದನ್ನೇ: ಇದು ಯಾವುದರ ಶೇಕಡಾ? ಮೇ ತಿಂಗಳಲ್ಲಿ ಕೊಂಡ 120 ಜನ ನೋಂದಾಯಿಸಿಕೊಂಡ 400ರಲ್ಲಿ ಶೇ. 30. ಅದೇ 120 ಜನ, ಬಂದ 4,000ದಲ್ಲಿ ಶೇ. 3. ಎರಡೂ ಸರಿ. ಹಿಂದಿನ ಮೆಟ್ಟಿಲಿಗೆ ಹೋಲಿಸಿದರೆ ಒಂದು, ಮೊದಲ ಮೆಟ್ಟಿಲಿಗೆ ಹೋಲಿಸಿದರೆ ಇನ್ನೊಂದು. ಕೆಲವು ಚಾರ್ಟ್‌ಗಳು ಮೊದಲನೆಯದನ್ನು ತೋರಿಸುತ್ತವೆ, ಕೆಲವು ಎರಡನೆಯದನ್ನು. ಯಾವುದು ಎಂದು ಬರೆಯದೆ ಬಿಡುವವೂ ಇವೆ. ವೆಬ್‌ಸೈಟ್‌ಗೆ ಬಂದವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್‌ನ ಫನೆಲ್ ಪುಟದ ಕೋಷ್ಟಕದಲ್ಲಿ `Completion rate` ಎಂದಿರುವುದು ಆ ಮೆಟ್ಟಿಲಿನಿಂದ ಮುಂದಿನದಕ್ಕೆ ಹೋದವರ ಪಾಲು. `Abandonment rate` ಎಂದಿರುವುದು ಅಲ್ಲಿಗೇ ಬಿಟ್ಟು ಹೋದವರ ಪಾಲು. ಶೇ. 70 ಎಂಬ ಅಂಕಿ ಕಂಡಾಗ ಖುಷಿಪಡುವ ಮೊದಲು ಅದು ಮುಂದಿನ ಮೆಟ್ಟಿಲಿಗೆ ಹೋದವರದೋ ಬಿಟ್ಟು ಹೋದವರದೋ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಇನ್ನು ಆಕಾರ. ವರದಿಗಳಲ್ಲಿ ಬರುವ ಬಣ್ಣಬಣ್ಣದ ಆಲಿಕೆಯ ಚಿತ್ರ ಬಹಳಷ್ಟು ಸಲ ಬರೀ ಅಲಂಕಾರ. ಜೂನ್ ತಿಂಗಳ ಅಂಕಿಗಳನ್ನು ಅಳತೆಗೆ ಸರಿಯಾಗಿ ಗೆರೆ ಎಳೆದು ನೋಡಿ. 9,000ಕ್ಕೆ 18 ಸೆಂಟಿಮೀಟರ್ ಪಟ್ಟಿ ಎಳೆದರೆ 630ಕ್ಕೆ ಒಂದೂಕಾಲು ಸೆಂಟಿಮೀಟರ್ ಬರುತ್ತದೆ. 180ಕ್ಕೆ ಸಿಗುವುದು ನಾಲ್ಕು ಮಿಲಿಮೀಟರಿಗೂ ಕಡಿಮೆ. ಆಲಿಕೆಯ ಹಾಗೆ ನಯವಾಗಿ ಇಳಿಯುವ ಬದಲು ಚಾರ್ಟ್ ಮೊದಲ ಮೆಟ್ಟಿಲಲ್ಲೇ ಕಡಿದುಬೀಳುತ್ತದೆ. ಆದ್ದರಿಂದ ಚಿತ್ರವನ್ನು ಬದಿಗಿಟ್ಟು ಅಂಕಿಗಳನ್ನು ಓದಿ. ನೆಟ್ಟಗಿನ ಪಟ್ಟಿಗಳಲ್ಲಿ ಬರೆದ ಚಾರ್ಟ್ ಆದರೆ ಅಷ್ಟರಮಟ್ಟಿಗೆ ಪ್ರಾಮಾಣಿಕ.

## ಶೇ. 3 ಇದ್ದದ್ದು ಶೇ. 2ಕ್ಕೆ ಇಳಿಯಿತು. ಏನಾಯಿತು?

ಮೇ ತಿಂಗಳಲ್ಲಿ ಬಂದ ನೂರು ಜನರಲ್ಲಿ ಮೂವರು ಕೊಂಡಿದ್ದರು. ಜೂನ್‌ನಲ್ಲಿ ಇಬ್ಬರು. ನೋಂದಣಿಯೂ ಶೇ. 10ರಿಂದ ಶೇ. 7ಕ್ಕೆ ಇಳಿದಿದೆ. ಸಂಘದ ಸಭೆಯಲ್ಲಿ ಈ ಚಾರ್ಟ್ ಇಟ್ಟರೆ ಮಾತು ಎತ್ತ ಹೋಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ. “ವೆಬ್‌ಸೈಟ್ ನಿಧಾನ ಆಗಿದೆ ಕಾಣ್ತದೆ” ಎಂದು ಒಬ್ಬರು. “ರೇಟು ಜಾಸ್ತಿ ಆಯ್ತು ಮಾರಾಯ್ತಿ, ನಾನಾಗಲೇ ಹೇಳಿದ್ದೆ” ಎಂದು ಇನ್ನೊಬ್ಬರು. ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ಇಡೀ ಮುಖಪುಟವನ್ನೇ ಹೊಸದಾಗಿ ಮಾಡೋಣ ಎನ್ನುತ್ತಾನೆ.

ಯಾರೂ ಏನೂ ಮಾಡುವ ಮೊದಲು ಚಾರ್ಟನ್ನು ಎರಡಾಗಿ ಸೀಳಬೇಕು. ಬಂದವರು ಎಲ್ಲಿಂದ ಬಂದರು? ಸಂಘದ ವಿಷಯದಲ್ಲಿ ಎರಡು ಬಗೆಯ ಜನ ಇದ್ದಾರೆ. ಅಪ್ಪೆಮಿಡಿ ಬೇಕೆಂದು ಗೂಗಲ್‌ನಲ್ಲಿ ಹುಡುಕಿಕೊಂಡೋ, ಪರಿಚಯದವರು ಕಳಿಸಿದ ಲಿಂಕ್ ಒತ್ತಿಯೋ ಬಂದವರು ಒಂದು ಬಗೆ. ಇವರನ್ನು ಹುಡುಕಿ ಬಂದವರು ಎನ್ನೋಣ. ಇನ್‌ಸ್ಟಾಗ್ರಾಂನಲ್ಲಿ ಮಿಡಿ ಮಾವಿನಕಾಯಿ ಉಪ್ಪಿಗೆ ಹಾಕುವ ರೀಲ್ ನೋಡಿ, ಬೆರಳು ತಾಗಿಸಿ ಬಂದವರು ಇನ್ನೊಂದು ಬಗೆ. ಜೂನ್‌ನಲ್ಲಿ ಸಂಘ ಆ ರೀಲ್‌ಗೆ ದುಡ್ಡು ಹಾಕಿ ಬೂಸ್ಟ್ ಮಾಡಿತ್ತು.

ಸೀಳಿದ ಮೇಲೆ ಕಾಣುವುದು ಇದು:

| | ಮೇ: ಬಂದವರು | ಮೇ: ಕೊಂಡವರು | ಜೂನ್: ಬಂದವರು | ಜೂನ್: ಕೊಂಡವರು |
|---|---|---|---|---|
| ಹುಡುಕಿ ಬಂದವರು | 3,000 | 114 (ಶೇ. 3.8) | 3,000 | 138 (ಶೇ. 4.6) |
| ರೀಲ್ ನೋಡಿ ಬಂದವರು | 1,000 | 6 (ಶೇ. 0.6) | 6,000 | 42 (ಶೇ. 0.7) |
| ಒಟ್ಟು | 4,000 | 120 (ಶೇ. 3) | 9,000 | 180 (ಶೇ. 2) |

ಅಡ್ಡಸಾಲುಗಳನ್ನು ನಿಧಾನವಾಗಿ ಓದಿ. ಹುಡುಕಿ ಬಂದವರಲ್ಲಿ ಕೊಳ್ಳುವವರ ಪಾಲು ಇಳಿದಿಲ್ಲ, ಏರಿದೆ. ರೀಲ್ ನೋಡಿ ಬಂದವರಲ್ಲೂ ಇಳಿದಿಲ್ಲ. ಎರಡೂ ಸಾಲಿನಲ್ಲಿ ಇಳಿಕೆ ಇಲ್ಲದಿದ್ದರೂ ಒಟ್ಟು ಸಾಲಿನಲ್ಲಿ ಇಳಿಕೆ ಇದೆ! ಕಣ್ಕಟ್ಟಿನಂತೆ ಕಂಡರೂ ಲೆಕ್ಕದಲ್ಲಿ ತಪ್ಪಿಲ್ಲ. ಮೇ ತಿಂಗಳಲ್ಲಿ ನಾಲ್ವರಲ್ಲಿ ಒಬ್ಬರು ರೀಲ್‌ನಿಂದ ಬಂದಿದ್ದರು. ಜೂನ್‌ನಲ್ಲಿ ಮೂವರಲ್ಲಿ ಇಬ್ಬರು. ಕೊಳ್ಳುವ ಮನಸ್ಸು ಮೊದಲೇ ಕಡಿಮೆ ಇರುವ ಗುಂಪು ದೊಡ್ಡದಾದಾಗ ಒಟ್ಟು ಸರಾಸರಿ ಆ ಗುಂಪಿನ ಕಡೆಗೆ ವಾಲುತ್ತದೆ. ಸಂಖ್ಯಾಶಾಸ್ತ್ರದಲ್ಲಿ ಇದನ್ನು ಸಿಂಪ್ಸನ್ ವಿರೋಧಾಭಾಸ ಎಂದು ಕರೆಯುತ್ತಾರೆ. ಬ್ರಿಟನ್ನಿನ ಎಡ್ವರ್ಡ್ ಸಿಂಪ್ಸನ್ 1951ರಲ್ಲಿ ಬರೆದ ಪ್ರಬಂಧದಿಂದ ಬಂದ ಹೆಸರು.

ಸಾಗರದಿಂದ ಜೋಗಕ್ಕೆ ಹೋಗುವ ರಸ್ತೆ ಬದಿಯ ಅಂಗಡಿಯನ್ನು ನೆನೆಸಿಕೊಂಡರೆ ಇದು ತಲೆಗೆ ಹತ್ತುತ್ತದೆ. ಬೇಸಿಗೆಯಲ್ಲಿ ಅಂಗಡಿಗೆ ಬರುವವರು ಬಹುಪಾಲು ಊರಿನವರು. ಬೇಕಾದ್ದಿದ್ದರೆ ಮಾತ್ರ ಬರುತ್ತಾರೆ, ತೆಗೆದುಕೊಂಡೇ ಹೋಗುತ್ತಾರೆ. ಜುಲೈನಲ್ಲಿ ಜೋಗ ತುಂಬಿ ಧುಮುಕುವಾಗ ಬಸ್ಸು ಬಸ್ಸು ಜನ ಇಳಿಯುತ್ತಾರೆ. ಮಳೆ ಜೋರಾಯಿತೆಂದು ಅಂಗಡಿಯೊಳಗೆ ನಿಂತು, ಭರಣಿ ಎತ್ತಿ ನೋಡಿ, ಫೋಟೊ ತೆಗೆದು, ಮಳೆ ಹೊಳವಾದ ಕೂಡಲೇ ಹೊರಡುತ್ತಾರೆ. ಒಳಗೆ ಬಂದವರಲ್ಲಿ ಕೊಂಡವರೆಷ್ಟು ಎಂದು ಶೇಕಡಾ ತೆಗೆದರೆ ಜುಲೈ ವರ್ಷದಲ್ಲೇ ಕೆಟ್ಟ ತಿಂಗಳು. ಸಂಜೆ ಗಲ್ಲಾಪೆಟ್ಟಿಗೆ ಎಣಿಸಿದರೆ ವರ್ಷದಲ್ಲೇ ಒಳ್ಳೆಯ ತಿಂಗಳು. ಅಂಗಡಿಯವರು ಶೇಕಡಾ ಇಳಿಯಿತೆಂದು ಬಾಗಿಲು ಹಾಕುವುದಿಲ್ಲ. ವೆಬ್‌ಸೈಟ್ ಚಾರ್ಟ್ ಮುಂದೆ ಕುಳಿತಾಗ ಮಾತ್ರ ನಾವು ಗಲ್ಲಾಪೆಟ್ಟಿಗೆಯನ್ನು ಮರೆಯುತ್ತೇವೆ.

ಹಾಗೆಂದು ರೀಲ್‌ಗೆ ಹಾಕಿದ ದುಡ್ಡು ಸಾರ್ಥಕ ಎಂದೂ ಹೇಳಲಾಗದು. ಅದು ಬೇರೆಯೇ ಲೆಕ್ಕ, ಅದನ್ನು ಫನೆಲ್ ಚಾರ್ಟ್ ಮಾಡಿಕೊಡುವುದಿಲ್ಲ. ಬೂಸ್ಟ್‌ಗೆ 9,000 ರೂಪಾಯಿ ಖರ್ಚಾಯಿತು ಎನ್ನಿ. ರೀಲ್ ಕಡೆಯಿಂದ ಮೇ ತಿಂಗಳಿಗಿಂತ 36 ಆರ್ಡರ್ ಹೆಚ್ಚು ಬಂದಿವೆ. ಒಂದು ಆರ್ಡರ್ ತರಲು 250 ರೂಪಾಯಿ ಬಿತ್ತು. ಮಿಡಿ, ಎಣ್ಣೆ, ಬಾಟಲಿ, ಪ್ಯಾಕಿಂಗ್ ಎಲ್ಲ ಕಳೆದು ಒಂದು ಆರ್ಡರ್‌ನಲ್ಲಿ ಉಳಿಯುವುದು 180 ರೂಪಾಯಿ ಆದರೆ, ಮೊದಲ ಆರ್ಡರ್‌ನಲ್ಲಿ 70 ರೂಪಾಯಿ ಕೈಯಿಂದ ಹೋಯಿತು. ಆ ಗಿರಾಕಿ ಮತ್ತೆ ಬಂದು ಇನ್ನೊಂದು ಆರ್ಡರ್ ಕೊಟ್ಟರೆ ಮಾತ್ರ ಲಾಭದ ಕಡೆ ತಿರುಗುತ್ತದೆ. ಸಭೆಯಲ್ಲಿ ಚರ್ಚೆ ಆಗಬೇಕಾದ್ದು ಇದರ ಬಗ್ಗೆ. ಮುಖಪುಟದ ಬಣ್ಣದ ಬಗ್ಗೆ ಅಲ್ಲ.

## ಎಲ್ಲಿಂದ ಬಂದರು ಎಂದು ಗೊತ್ತಾಗುವುದು ಹೇಗೆ

ಮೇಲಿನಂತೆ ಸೀಳಬೇಕಾದರೆ ಬಂದವರ ಮೂಲ ದಾಖಲಾಗಿರಬೇಕು. ಗೂಗಲ್ ಅನಲಿಟಿಕ್ಸ್‌ನ ಫನೆಲ್ ಪುಟದಲ್ಲಿ `Breakdown` ಎಂಬ ಜಾಗವಿದೆ. ಅಲ್ಲಿಗೆ `Session source / medium` ಎಂಬುದನ್ನು ಎಳೆದು ಹಾಕಿದರೆ ಪ್ರತಿ ಮೆಟ್ಟಿಲೂ ಮೂಲದ ಪ್ರಕಾರ ಬಿಡಿಬಿಡಿಯಾಗಿ ಕಾಣುತ್ತದೆ.

ಒಂದು ತೊಡಕಿದೆ. ವಾಟ್ಸ್ಯಾಪ್‌ನಲ್ಲಿ ಬಂದ ಲಿಂಕ್ ಒತ್ತಿದವರು ಎಲ್ಲಿಂದ ಬಂದರೆಂಬ ಸುಳಿವು ಸಾಮಾನ್ಯವಾಗಿ ವೆಬ್‌ಸೈಟ್‌ಗೆ ಸಿಗುವುದಿಲ್ಲ. ಅವರೆಲ್ಲ `(direct) / (none)` ಎಂಬ ಒಂದೇ ಗುಡ್ಡೆಗೆ ಸೇರುತ್ತಾರೆ. ಅದಕ್ಕೆ ಲಿಂಕ್ ಹಂಚುವಾಗಲೇ ಗುರುತು ಕಟ್ಟಿ ಕಳಿಸಬೇಕು. ರೀಲ್‌ನ ಲಿಂಕ್ ಹೀಗಿರಬಹುದು:

```
https://example.com/?utm_source=instagram&utm_medium=reel&utm_campaign=june
```

ಪ್ರಶ್ನಾರ್ಥಕ ಚಿಹ್ನೆಯ ನಂತರದ ಭಾಗ ಪುಟವನ್ನು ಬದಲಿಸುವುದಿಲ್ಲ. ಬಂದವರು ಯಾವ ದಾರಿಯಿಂದ ಬಂದರು ಎಂಬ ಚೀಟಿ ಅದು, ಅಷ್ಟೆ. ವಾಟ್ಸ್ಯಾಪ್ ಗುಂಪಿಗೆ ಕಳಿಸುವ ಲಿಂಕ್‌ಗೆ ಬೇರೆ ಚೀಟಿ.

ಚೀಟಿ ಕಟ್ಟಿದರೂ ಪೂರ್ತಿ ಸತ್ಯ ಸಿಗುವುದಿಲ್ಲ ಅನ್ನುವುದನ್ನೂ ಹೇಳಬೇಕು. ಬೆಂಗಳೂರಿನ ಒಬ್ಬರು ಬಸ್ಸಿನಲ್ಲಿ ರೀಲ್ ನೋಡಿ, ಲಿಂಕ್ ಒತ್ತಿ ವೆಬ್‌ಸೈಟ್‌ಗೆ ಇಣುಕಿ ಸುಮ್ಮನಾಗುತ್ತಾರೆ. ರಾತ್ರಿ ಮನೆಯಲ್ಲಿ ಊಟಕ್ಕೆ ಕುಳಿತಾಗ ನೆನಪಾಗಿ, ಗೂಗಲ್‌ನಲ್ಲಿ ಸಂಘದ ಹೆಸರು ಹುಡುಕಿ, ಲ್ಯಾಪ್‌ಟಾಪ್‌ನಲ್ಲಿ ಆರ್ಡರ್ ಮಾಡುತ್ತಾರೆ. ಚಾರ್ಟ್‌ನಲ್ಲಿ ಅವರು ಇಬ್ಬರು: ರೀಲ್‌ನಿಂದ ಬಂದು ಕೊಳ್ಳದೆ ಹೋದವರು ಒಬ್ಬರು, ಹುಡುಕಿ ಬಂದು ಕೊಂಡವರು ಇನ್ನೊಬ್ಬರು. ಹುಡುಕಿ ಬಂದವರ ಖರೀದಿ 114ರಿಂದ 138ಕ್ಕೆ ಏರಿದ್ದರಲ್ಲಿ ಇಂಥವರು ಕೆಲವರು ಇದ್ದರೂ ಇರಬಹುದು.

“ಬಂದವರು” ಎಂಬ ಅಂಕಿಯೂ ತಲೆ ಎಣಿಸಿ ಬಂದದ್ದಲ್ಲ ಎಂದು ಇದರಿಂದಲೇ ಗೊತ್ತಾಗುತ್ತದೆ. ಬ್ರೌಸರ್‌ನಲ್ಲಿ ಕುಕೀ ಎಂಬ ಸಣ್ಣ ಗುರುತನ್ನು ಬಿಟ್ಟು, ಆ ಗುರುತನ್ನು ಎಣಿಸುತ್ತಾರೆ. ಐಫೋನ್‌ನ ಸಫಾರಿ ಬ್ರೌಸರ್ ಇಂಥ ಗುರುತುಗಳನ್ನು ಸಾಮಾನ್ಯವಾಗಿ 7 ದಿನದಲ್ಲಿ ಅಳಿಸಿಬಿಡುತ್ತದೆ. ಎಂಟು ದಿನ ಬಿಟ್ಟು ಮತ್ತೆ ಬಂದರೆ ಅವರು ಹೊಸಬರು. ಇತ್ತ ಒಂದೇ ಫೋನ್‌ನಲ್ಲಿ ಅತ್ತೆ, ಸೊಸೆ, ಮಗ ಮೂವರೂ ನೋಡಿದರೆ ಲೆಕ್ಕಕ್ಕೆ ಒಬ್ಬರೇ. ಆದ್ದರಿಂದ 9,000 ಎಂಬುದನ್ನು ಸುಮಾರು ಎಂದೇ ಓದಬೇಕು. ಈ ತಿಂಗಳಿಗೂ ಕಳೆದ ತಿಂಗಳಿಗೂ ಎಣಿಸುವ ರೀತಿ ಒಂದೇ ಆಗಿದ್ದರೆ ಹೋಲಿಕೆಗೆ ಸಾಕು.

## ಏರಿತು ಎನ್ನಲು ಎಷ್ಟು ಏರಬೇಕು?

ಮೇಲೆ ಹುಡುಕಿ ಬಂದವರ ಪಾಲು “ಏರಿದೆ” ಎಂದೆ. ಅಂಕಿ ಏರಿರುವುದು ನಿಜ. ಆದರೆ ಅದಕ್ಕೊಂದು ಕಾರಣ ಇದೆಯೇ, ಅಥವಾ ಸುಮ್ಮನೆ ಆದದ್ದೇ? ಅಂಗಡಿಯಲ್ಲಿ ಏನೂ ಬದಲಾಗದಿದ್ದರೂ ಒಂದು ತಿಂಗಳು 110 ಜನ, ಇನ್ನೊಂದು ತಿಂಗಳು 125 ಜನ ಕೊಳ್ಳುವುದು ಇದ್ದದ್ದೇ.

ಇದಕ್ಕೆ ಕೈಲೆಕ್ಕದ ಒಂದು ದಾರಿ ಇದೆ. ಎರಡು ತಿಂಗಳ ಖರೀದಿಗಳನ್ನು ಕೂಡಿಸಿ, ವರ್ಗಮೂಲ ತೆಗೆದು, ಎರಡರಿಂದ ಗುಣಿಸಿ. ವ್ಯತ್ಯಾಸ ಅದಕ್ಕಿಂತ ಚಿಕ್ಕದಿದ್ದರೆ ಅದನ್ನು ಬದಲಾವಣೆ ಎನ್ನಲು ಅವಸರ ಬೇಡ. ಇಲ್ಲಿ 114 ಮತ್ತು 138 ಕೂಡಿದರೆ 252. ವರ್ಗಮೂಲ ಸುಮಾರು 16, ಅದರ ಎರಡರಷ್ಟು 32. ನಮ್ಮ ವ್ಯತ್ಯಾಸ 24 ಮಾತ್ರ. ಅಂದರೆ ಇದು ಬರೀ ಆಕಸ್ಮಿಕ ಏರಿಳಿತವೂ ಆಗಿರಬಹುದು. ಎರಡೂ ತಿಂಗಳು ಬಂದವರ ಸಂಖ್ಯೆ ಹೆಚ್ಚುಕಡಿಮೆ ಒಂದೇ ಇದ್ದು, ಕೊಂಡವರು ಅದರಲ್ಲಿ ಸಣ್ಣ ಪಾಲು ಮಾತ್ರ ಆಗಿದ್ದಾಗ ಈ ಕೈಲೆಕ್ಕ ಸಾಕಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ. ಇಲ್ಲಿ ಎರಡೂ ತಿಂಗಳು 3,000 ಇದ್ದಾರೆ, ಹಾಗಾಗಿ ಸರಿ.

ರೀಲ್ ಸಾಲಿನಲ್ಲಿ ಶೇ. 0.6 ಇದ್ದದ್ದು ಶೇ. 0.7 ಆದದ್ದಕ್ಕಂತೂ ಅರ್ಥ ಹುಡುಕುವುದೇ ಬೇಡ. ಮೇ ತಿಂಗಳ ಅಂಕಿ ಬರೀ 6. ಆರು ಆರ್ಡರ್ ಬಂದಲ್ಲಿ ಮೂರೂ ಬರಬಹುದಿತ್ತು, ಹತ್ತೂ ಬರಬಹುದಿತ್ತು. ಹಾಗಾದರೆ ಎರಡು ಸಾಲುಗಳಿಂದ ಖಚಿತವಾಗಿ ಹೇಳಬಹುದಾದ್ದು ಇಷ್ಟು: ಯಾವ ಗುಂಪಿನಲ್ಲೂ ಕೊಳ್ಳುವವರ ಪಾಲು ಕುಸಿದ ಗುರುತಿಲ್ಲ, ಒಟ್ಟು ಶೇಕಡಾ ಇಳಿಯಲು ಕಾರಣ ಬಂದವರ ಮಿಶ್ರಣ ಬದಲಾದದ್ದು.

ಒಟ್ಟು ಆರ್ಡರ್ 120ರಿಂದ 180ಕ್ಕೆ ಹೋದದ್ದು ಮಾತ್ರ ಆಕಸ್ಮಿಕವಲ್ಲ. ಇಲ್ಲಿ ಹೋಲಿಸುವುದು ಪಾಲನ್ನಲ್ಲ, ಆರ್ಡರ್‌ಗಳ ಸಂಖ್ಯೆಯನ್ನು ಮಾತ್ರ, ಹಾಗಾಗಿ ಬಂದವರ ಸಂಖ್ಯೆ ಬೇರೆಯಿದ್ದರೂ ಅದೇ ಕೈಲೆಕ್ಕ ನಡೆಯುತ್ತದೆ. ಕೂಡಿದರೆ 300, ವರ್ಗಮೂಲ 17ರ ಮೇಲೆ, ಎರಡರಷ್ಟು 35. ವ್ಯತ್ಯಾಸ 60 ಇದೆ.

ತಿಂಗಳಿಗೆ ಹತ್ತು ಹದಿನೈದು ಆರ್ಡರ್ ಬರುವ ಸಣ್ಣ ಉದ್ದಿಮೆಗಳಿಗೆ ನನ್ನ ಅಭಿಪ್ರಾಯ ಕೇಳಿದರೆ, ತಿಂಗಳ ಫನೆಲ್ ಶೇಕಡಾವನ್ನು ನೋಡುವುದೇ ಬೇಡ ಎನ್ನುತ್ತೇನೆ. ಮೂರು ತಿಂಗಳು ಸೇರಿಸಿ ನೋಡಲಿ.

## ಅತಿ ದೊಡ್ಡ ಸೋರಿಕೆ ಎಲ್ಲಿ

ಜೂನ್ ಚಾರ್ಟ್‌ನಲ್ಲಿ ಕಣ್ಣಿಗೆ ಮೊದಲು ಹೊಡೆಯುವುದು ಮೇಲಿನ ಮೆಟ್ಟಿಲು. 9,000ದಲ್ಲಿ 8,370 ಜನ ನೋಂದಣಿಯೇ ಮಾಡದೆ ಹೋದರು. ಅಬ್ಬಾ ಎನಿಸುತ್ತದೆ. ಆದರೆ ಅವರಲ್ಲಿ ಬಹುಪಾಲು ಜನ ಕೊಳ್ಳಲು ಬಂದವರೇ ಅಲ್ಲ. ರೀಲ್ ನೋಡಿ ಕುತೂಹಲಕ್ಕೆ ಇಣುಕಿದವರು. ಅವರನ್ನು ಹಿಡಿದು ನಿಲ್ಲಿಸಲು ಮಾಡುವ ಖರ್ಚಿಗೆ ಫಲ ಕಡಿಮೆ.

ಅದಕ್ಕಿಂತ ಕೆಳಗಿನ ಮೆಟ್ಟಿಲು ನೋಡಿ. 630 ಜನ ಹೆಸರು, ಫೋನ್ ನಂಬರ್ ಕೊಟ್ಟರು. ಅಪರಿಚಿತ ವೆಬ್‌ಸೈಟ್‌ಗೆ ನಂಬರ್ ಕೊಡುವುದೆಂದರೆ ಕೊಳ್ಳುವ ಮನಸ್ಸು ಅರ್ಧ ಆಗಿದೆ ಎಂದೇ. ಅವರಲ್ಲಿ 450 ಜನ ಕೊಳ್ಳದೆ ಹೋದರು. ಕೆದಕಬೇಕಾದ್ದು ಇಲ್ಲಿ. ಮೂರು ಮೆಟ್ಟಿಲಿನ ಚಾರ್ಟ್ ಇದಕ್ಕೆ ಸಾಲದು. ನೋಂದಣಿಗೂ ಖರೀದಿಗೂ ನಡುವೆ ಏನೇನಾಗುತ್ತದೆ ಎಂದು ಇನ್ನಷ್ಟು ಮೆಟ್ಟಿಲು ಹಾಕಿಸಬೇಕು. ಹಾಕಿಸಿದಾಗ ಹೀಗೆ ಬಂತು ಎನ್ನಿ: ನೋಂದಾಯಿಸಿದವರು 630, ಬುಟ್ಟಿಗೆ ಹಾಕಿದವರು 410, ವಿಳಾಸ ಮತ್ತು ಪಿನ್‌ಕೋಡ್ ತುಂಬಿದವರು 330, ದುಡ್ಡು ಕಟ್ಟುವ ಪುಟ ತಲುಪಿದವರು 205, ಕಟ್ಟಿದವರು 180.

ಬುಟ್ಟಿಗೆ ಏನೂ ಹಾಕದ 220 ಜನ ಸಂಖ್ಯೆಯಲ್ಲಿ ಹೆಚ್ಚಿರಬಹುದು. ಆದರೆ ನನ್ನ ಕಣ್ಣು ನಿಲ್ಲುವುದು 330ರಿಂದ 205ಕ್ಕೆ ಇಳಿದ ಕಡೆ. ಪಿನ್‌ಕೋಡ್ ತುಂಬುವಷ್ಟು ದೂರ ನಡೆದು ಬಂದ 125 ಜನ ಅಲ್ಲಿ ಹಿಂದೆ ತಿರುಗಿದ್ದಾರೆ, ಅಂದರೆ ಎಂಟು ಜನರಲ್ಲಿ ಮೂವರು. ಈಗ ವೆಬ್‌ಸೈಟ್ ತೆರೆದು ನೀವೇ ಒಂದು ಆರ್ಡರ್ ಮಾಡಿ ನೋಡಿ. ಪಿನ್‌ಕೋಡ್ ಹಾಕಿದ ಕೂಡಲೇ ಏನು ಕಾಣುತ್ತದೆ? ಕೊರಿಯರ್ ಖರ್ಚು. 220 ರೂಪಾಯಿಯ ಬಾಟಲಿಗೆ 110 ರೂಪಾಯಿ ಕೊರಿಯರ್ ಎಂದು ಮೊದಲ ಬಾರಿ ಗೊತ್ತಾಗುವುದು ಅಲ್ಲೇ.

ಕಾರಣ ಸಿಕ್ಕಿತು ಎಂದು ಇಲ್ಲಿಗೇ ನಿಲ್ಲಬಾರದು. ಚಾರ್ಟ್ ಹೇಳುವುದು ಜನ ಎಲ್ಲಿ ತಿರುಗಿದರು ಎಂದು ಮಾತ್ರ. ಯಾಕೆ ಎಂದು ಅದಕ್ಕೆ ಗೊತ್ತಿಲ್ಲ. ಕೊರಿಯರ್ ಖರ್ಚು ಒಂದು ಊಹೆ. ಕೆಲವು ಪಿನ್‌ಕೋಡ್‌ಗಳಿಗೆ ಗಾಜಿನ ಬಾಟಲಿ ಕಳಿಸಲಾಗದು ಎಂಬ ಸೂಚನೆ ಬರುತ್ತಿರಬಹುದು. ಆ ಪುಟ ಕೆಲವು ಫೋನ್‌ಗಳಲ್ಲಿ ಸರಿಯಾಗಿ ತೆರೆಯದೇ ಇರಬಹುದು. ಫೋನ್‌ಗೂ ಕಂಪ್ಯೂಟರ್‌ಗೂ ಬೇರೆ ಬೇರೆ ಫನೆಲ್ ತೆಗೆದು, ಫೋನ್‌ನಲ್ಲಿ ಮಾತ್ರ ಕುಸಿತ ಇದ್ದರೆ ಪುಟದ ದೋಷದ ಕಡೆ ಅನುಮಾನ ಹೋಗಬೇಕು. ಎರಡರಲ್ಲೂ ಒಂದೇ ರೀತಿ ಇದ್ದರೆ ಖರ್ಚಿನ ಕಡೆ. ಆಮೇಲೆ ಬೆಲೆಯ ಪಕ್ಕದಲ್ಲೇ “ಬೆಂಗಳೂರಿಗೆ ಕೊರಿಯರ್ 110 ರೂ., ಮೂರು ಬಾಟಲಿಗೂ ಅಷ್ಟೇ” ಎಂದು ಬರೆದು ಒಂದು ತಿಂಗಳು ಬಿಟ್ಟು ನೋಡಬಹುದು.

ಆಗ ಚಾರ್ಟ್ ಒಂದು ತಮಾಷೆ ತೋರಿಸುತ್ತದೆ. ಕೊರಿಯರ್ ಖರ್ಚು ಮೊದಲೇ ಕಂಡದ್ದರಿಂದ ಬುಟ್ಟಿಗೆ ಹಾಕುವವರೇ ಕಡಿಮೆಯಾಗುತ್ತಾರೆ, ಪಿನ್‌ಕೋಡ್ ನಂತರದ ಕುಸಿತವೂ ಕಡಿಮೆಯಾಗುತ್ತದೆ. ಕೆಳಗಿನ ಮೆಟ್ಟಿಲಿನ ಶೇಕಡಾ ಚೆಂದ ಕಂಡಿತೆಂದು ಹಿಗ್ಗಬೇಡಿ. ಸೋರಿಕೆ ಮೇಲಿನ ಮೆಟ್ಟಿಲಿಗೆ ಸರಿದಿದೆ ಅಷ್ಟೆ. ಕೊನೆಗೆ ಕೊಂಡವರ ಸಂಖ್ಯೆ ಏರಿತೇ, ಒಬ್ಬರು ಒಂದರ ಬದಲು ಮೂರು ಬಾಟಲಿ ಕೊಂಡರೇ ಎಂದು ನೋಡಬೇಕು.

## ಚಾರ್ಟ್‌ನ 180, ಪುಸ್ತಕದ 221

ಸಂಘದ ಕಾರ್ಯದರ್ಶಿ ಕೊರಿಯರ್ ಕಳಿಸಿದ ಲೆಕ್ಕವನ್ನು ರಿಜಿಸ್ಟರ್‌ನಲ್ಲಿ ಬರೆದಿಡುತ್ತಾರೆ. ಜೂನ್‌ನಲ್ಲಿ ಅವರ ಪ್ರಕಾರ 221 ಆರ್ಡರ್. ಚಾರ್ಟ್‌ನಲ್ಲಿ 180. ಯಾರ ಲೆಕ್ಕ ತಪ್ಪು?

ಇಬ್ಬರದೂ ಸರಿ ಇರಬಹುದು. ಚಾರ್ಟ್‌ನಲ್ಲಿ ಎರಡು ಬಗೆ ಇದೆ. ಮುಚ್ಚಿದ ಫನೆಲ್‌ನಲ್ಲಿ ಮೊದಲ ಮೆಟ್ಟಿಲಿನಿಂದ ಕ್ರಮವಾಗಿ ಇಳಿದು ಬಂದವರನ್ನು ಮಾತ್ರ ಎಣಿಸುತ್ತಾರೆ. ತೆರೆದ ಫನೆಲ್‌ನಲ್ಲಿ ನಡುವಿನ ಮೆಟ್ಟಿಲಿನಿಂದ ಸೇರಿಕೊಂಡವರೂ ಲೆಕ್ಕಕ್ಕೆ ಬರುತ್ತಾರೆ. ಗೂಗಲ್ ಅನಲಿಟಿಕ್ಸ್‌ನಲ್ಲಿ ನಾವಾಗಿ ಬದಲಿಸದಿದ್ದರೆ ಫನೆಲ್ ಮುಚ್ಚಿದ್ದೇ ಆಗಿರುತ್ತದೆ. ಹೋದ ವರ್ಷವೇ ನೋಂದಾಯಿಸಿಕೊಂಡ ಹಳೆ ಗಿರಾಕಿ ಜೂನ್‌ನಲ್ಲಿ ಮತ್ತೆ ನೋಂದಾಯಿಸಿಕೊಳ್ಳುವುದಿಲ್ಲ, ನೇರ ಬಂದು ಕೊಳ್ಳುತ್ತಾರೆ. ನಡುವಿನ ಮೆಟ್ಟಿಲು ಹತ್ತಲಿಲ್ಲವಾದ್ದರಿಂದ ಮುಚ್ಚಿದ ಫನೆಲ್‌ಗೆ ಅವರು ಕೊಂಡವರೇ ಅಲ್ಲ. ಸಂಘದ ಅತ್ಯಂತ ನಂಬಿಕೆಯ ಗಿರಾಕಿಗಳೇ ಚಾರ್ಟ್‌ನಿಂದ ಹೊರಗೆ! ವ್ಯತ್ಯಾಸದ 41ರಲ್ಲಿ 30 ಇಂಥವರದು ಎಂದು ರಿಜಿಸ್ಟರ್‌ನ ಹೆಸರು ಹೋಲಿಸಿದಾಗ ಸಿಗಬಹುದು.

ಇನ್ನು 8 ಆರ್ಡರ್ ಯುಪಿಐ ದಾರಿಯಲ್ಲಿ ಕಳೆದುಹೋಗಿವೆ. “ಧನ್ಯವಾದ, ನಿಮ್ಮ ಆರ್ಡರ್ ಬಂದಿದೆ” ಎಂಬ ಪುಟ ತೆರೆದಾಗ ಖರೀದಿ ಎಂದು ದಾಖಲಾಗುವಂತೆ ಬಹಳಷ್ಟು ವೆಬ್‌ಸೈಟ್‌ಗಳಲ್ಲಿ ಮಾಡಿರುತ್ತಾರೆ. ಗಿರಾಕಿ ಯುಪಿಐ ಆ್ಯಪ್‌ಗೆ ಹೋಗಿ ದುಡ್ಡು ಕಟ್ಟಿ, ಅಲ್ಲಿಂದಲೇ ಫೋನ್ ಆರಿಸಿಬಿಟ್ಟರೆ ಆ ಪುಟ ತೆರೆಯುವುದೇ ಇಲ್ಲ. ದುಡ್ಡು ಬ್ಯಾಂಕಿಗೆ ಬಂತು, ಚಾರ್ಟ್‌ಗೆ ಬರಲಿಲ್ಲ. ಇದರ ಉಲ್ಟಾವೂ ಉಂಟು: ಧನ್ಯವಾದದ ಪುಟವನ್ನು ಮತ್ತೆ ಮತ್ತೆ ತೆರೆದರೆ ಒಂದೇ ಆರ್ಡರ್ ಎರಡು ಸಲ ದಾಖಲಾಗುತ್ತದೆ. ಖರೀದಿಯ ಜೊತೆ `transaction_id` ಎಂಬ ಆರ್ಡರ್ ಸಂಖ್ಯೆಯನ್ನೂ ಕಳಿಸುವಂತೆ ಮಾಡಿಸಿದ್ದರೆ ಈ ಎರಡೆಣಿಕೆ ತಪ್ಪುತ್ತದೆ. ವೆಬ್‌ಸೈಟ್ ಮಾಡಿಕೊಟ್ಟವರನ್ನು ಕೇಳಿ ನೋಡಿ. ಉಳಿದ 3 ಫೋನ್ ಮಾಡಿ ಹೇಳಿದ ಆರ್ಡರ್‌ಗಳು, ಅವು ವೆಬ್‌ಸೈಟ್ ಹತ್ತಿರವೂ ಸುಳಿದಿಲ್ಲ.

ಕ್ಯಾಶ್ ಆನ್ ಡೆಲಿವರಿ ಇದ್ದರೆ ಇನ್ನೊಂದು ಕಳೆಯುವ ಲೆಕ್ಕ ಬಾಕಿ ಇರುತ್ತದೆ. ಚಾರ್ಟ್‌ನಲ್ಲಿ ಖರೀದಿ ಎಂದರೆ ಆರ್ಡರ್ ಆದದ್ದು. ಬಾಗಿಲಿಗೆ ಹೋದ ಡಬ್ಬ ವಾಪಸ್ ಬಂದರೂ ಚಾರ್ಟ್ ತಾನಾಗಿ ಒಂದು ಕಳೆಯುವುದಿಲ್ಲ.

## ಚಾರ್ಟ್ ಯಾವ ದಿನ ತೆಗೆದದ್ದು?

ಜೂನ್ 28ಕ್ಕೆ ನೋಂದಾಯಿಸಿಕೊಂಡವರು ಸಂಬಳ ಬಂದ ಮೇಲೆ ಜುಲೈ 3ಕ್ಕೆ ಕೊಳ್ಳುತ್ತಾರೆ. ಜೂನ್ ತಿಂಗಳ ಚಾರ್ಟ್‌ನಲ್ಲಿ ಅವರು ನೋಂದಾಯಿಸಿಕೊಂಡು ಕೊಳ್ಳದೆ ಹೋದವರು. ತಿಂಗಳ ಕೊನೆಯ ವಾರ ಬೂಸ್ಟ್ ಮಾಡಿ ಜನರನ್ನು ತುಂಬಿಸಿದರೆ ಈ ಅನ್ಯಾಯ ಇನ್ನೂ ದೊಡ್ಡದು: ಬಂದವರ ಅಂಕಿ ಉಬ್ಬುತ್ತದೆ, ಕೊಳ್ಳಲು ಅವರಿಗೆ ಸಮಯವೇ ಸಿಕ್ಕಿರುವುದಿಲ್ಲ.

ಇದಕ್ಕೆ ಮಾಡುವುದು ಇಷ್ಟೇ. ಜೂನ್‌ನಲ್ಲಿ ಮೊದಲ ಬಾರಿ ಬಂದವರನ್ನು ಒಂದು ತಂಡ ಎಂದು ಹಿಡಿದು, ಪ್ರತಿಯೊಬ್ಬರಿಗೂ ಬಂದ ದಿನದಿಂದ 14 ದಿನ ಕೊಟ್ಟು, ಅಷ್ಟರೊಳಗೆ ಯಾರು ಕೊಂಡರು ಎಂದು ಎಣಿಸಬೇಕು. ಜೂನ್ 30ಕ್ಕೆ ಬಂದವರಿಗೂ 14 ದಿನ ಸಿಗಬೇಕಾದರೆ ಜೂನ್ ಲೆಕ್ಕವನ್ನು ಜುಲೈ 15ಕ್ಕಿಂತ ಮೊದಲು ಮುಗಿಸಲಾಗದು. ಮೇ ತಿಂಗಳಿಗೂ ಅದೇ 14 ದಿನ ಇರಬೇಕು, ಇಲ್ಲವಾದರೆ ಹಳೆಯ ತಿಂಗಳಿಗೆ ಕೊಳ್ಳಲು ಹೆಚ್ಚು ಕಾಲ ಸಿಕ್ಕಿ ಅದೇ ಯಾವಾಗಲೂ ಚೆನ್ನಾಗಿ ಕಾಣುತ್ತದೆ. 14ರ ಬದಲು 7 ಇಡಬೇಕೇ 30 ಇಡಬೇಕೇ ಎಂದು ತೀರ್ಮಾನಿಸಲು ಹಳೆಯ ಆರ್ಡರ್‌ಗಳನ್ನೇ ನೋಡಬಹುದು: ಮೊದಲ ಬಾರಿ ಬಂದ ಎಷ್ಟು ದಿನಕ್ಕೆ ಬಹುಪಾಲು ಜನ ಕೊಂಡರೋ ಅಷ್ಟು ದಿನ ಸಾಕು. ಉಪ್ಪಿನಕಾಯಿಗೆ ಜನ ಹೆಚ್ಚು ಯೋಚಿಸುವುದಿಲ್ಲ. ತೋಟಕ್ಕೆ ದೋಟಿ, ಅಡಿಕೆ ಸುಲಿಯುವ ಯಂತ್ರ ಮಾರುವವರಾದರೆ ಒಂದು ತಿಂಗಳೂ ಸಾಲದೆ ಹೋಗಬಹುದು.